ಉದ್ಧರಣ ಚಿಹ್ನೆಯೂ ‘ಎಂದು’ ಎಂಬ ಮಾತೂ: ಮರಾಠಿ–ಕನ್ನಡ ಅನುವಾದದಲ್ಲಿ ಲೇಖನ ಚಿಹ್ನೆಗಳ ಪರಿವರ್ತನೆ

1

ಪುಣೆಯಲ್ಲಿ ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವ ತರುಣರ ಹಸ್ತಪ್ರತಿಗಳನ್ನು ನೋಡುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಪದಗಳ ಆಯ್ಕೆಯಲ್ಲಿ ಅವರು ಬಹಳ ಎಚ್ಚರ ವಹಿಸುತ್ತಾರೆ. ಒಂದು ಗಾದೆಗೆ ಸಮನಾದ ಗಾದೆಯನ್ನು ಹುಡುಕಲು ದಿನಗಟ್ಟಲೆ ಯೋಚಿಸುತ್ತಾರೆ. ಆದರೆ ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳನ್ನು ಮಾತ್ರ ಮೂಲದಲ್ಲಿ ಇದ್ದಲ್ಲೇ ಇದ್ದ ಹಾಗೆ ಇಳಿಸಿಬಿಡುತ್ತಾರೆ. ಎರಡೂ ಭಾಷೆಗಳಲ್ಲಿ ಚಿಹ್ನೆಗಳ ಆಕಾರ ಒಂದೇ ಆಗಿರುವುದರಿಂದ ಅವುಗಳಿಗೆ ಅನುವಾದ ಬೇಕಿಲ್ಲವೆಂಬ ಭಾವನೆ ಇದಕ್ಕೆ ಕಾರಣ. ಇದರ ಫಲವಾಗಿ ಕೆಲವೊಮ್ಮೆ ಯಾರು ಯಾರಿಗೆ ಏನು ಹೇಳಿದರೆಂಬುದೇ ತಿಳಿಯದೆ ಹೋಗುತ್ತದೆ.

ಆಕಾರ ಒಂದೇ ಆದ ಮಾತ್ರಕ್ಕೆ ಚಿಹ್ನೆಗಳು ಮಾಡುವ ಕೆಲಸ ಒಂದೇ ಆಗಿರಬೇಕಿಲ್ಲ. ಒಂದು ಭಾಷೆಯಲ್ಲಿ ಚಿಹ್ನೆ ಮಾಡುವ ಕೆಲಸವನ್ನು ಇನ್ನೊಂದು ಭಾಷೆಯಲ್ಲಿ ಒಂದು ಪದವೋ ಪ್ರತ್ಯಯವೋ ಮಾಡುತ್ತಿರಬಹುದು. ಆದುದರಿಂದ ಅನುವಾದಕನು ಮೂಲದ ಚಿಹ್ನೆಯನ್ನು ಕಂಡೊಡನೆ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಈ ಚಿಹ್ನೆ ಇಲ್ಲಿ ಯಾವ ಕೆಲಸ ಮಾಡುತ್ತಿದೆ? ಆ ಕೆಲಸವನ್ನು ಕನ್ನಡ ಯಾವುದರಿಂದ ಮಾಡಿಸುತ್ತದೆ? ಈ ಎರಡು ಪ್ರಶ್ನೆಗಳನ್ನು ಮುಖ್ಯವಾಗಿ ಉದ್ಧರಣ ಚಿಹ್ನೆಯ ವಿಷಯದಲ್ಲಿಯೂ, ಅನಂತರ ಅಲ್ಪವಿರಾಮ ಮತ್ತು ವಾಕ್ಯಾಂತ್ಯದ ಚಿಹ್ನೆಗಳ ವಿಷಯದಲ್ಲಿಯೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಓದುಗರ ಅನುಕೂಲಕ್ಕಾಗಿ ಮರಾಠಿ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದೆ. ಉದಾಹರಣೆಗಳೆಲ್ಲ ಈ ಲೇಖನಕ್ಕಾಗಿ ರಚಿಸಿಕೊಂಡವು.

2

ಚಿಹ್ನೆಗಳು ನಮ್ಮ ಬರವಣಿಗೆಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೆನೆಯುವುದು ಅಗತ್ಯ. ಪುಣೆಯ ಪೇಶ್ವೆ ದಫ್ತರದಲ್ಲಿರುವ ಮೋಡಿ ಲಿಪಿಯ ಕಾಗದಗಳನ್ನು ನೋಡಿದವರಿಗೆ ಅಲ್ಲಿ ಅಲ್ಪವಿರಾಮವಾಗಲಿ ಉದ್ಧರಣ ಚಿಹ್ನೆಯಾಗಲಿ ಇಲ್ಲವೆಂಬುದು ಗೊತ್ತು. ಎಳೆದ ಗೆರೆಯ ಕೆಳಗೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಸಾಗುತ್ತವೆ. ಪದಗಳ ನಡುವೆಯೂ ಬಿಡುವಿರುವುದಿಲ್ಲ. ಆದರೂ ಓದುವವರಿಗೆ ಅರ್ಥವಾಗುತ್ತಿತ್ತು. ಏಕೆಂದರೆ ಇಂದು ಚಿಹ್ನೆಗಳು ಮಾಡುವ ಕೆಲಸವನ್ನು ಆಗ ಪದಗಳು ಮಾಡುತ್ತಿದ್ದವು. ಎದುರಿನವರು ಬರೆದ ಸಂಗತಿಯನ್ನು ಉದ್ಧರಿಸಿ ಮುಗಿಸುವಾಗ ‘ಮ್ಹಣೋನ’ ಎಂಬ ಮಾತು ಬರುತ್ತಿತ್ತು. ಪತ್ರ ಮುಗಿಯಿತೆಂಬುದನ್ನು ‘ಬಹುತ ಕಾಯ ಲಿಹಿಣೇ’ ಎಂಬಂಥ ಒಕ್ಕಣೆ ತಿಳಿಸುತ್ತಿತ್ತು. ನಮ್ಮ ತಾಳೆಗರಿಗಳ ಪರಿಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಹಳಗನ್ನಡ ಗದ್ಯವನ್ನು ಅಚ್ಚಿನಲ್ಲಿ ಓದುವಾಗ ನಾವು ಕಾಣುವ ಅಲ್ಪವಿರಾಮ, ಉದ್ಧರಣ ಚಿಹ್ನೆಗಳು ಗ್ರಂಥಕರ್ತನವಲ್ಲ, ಸಂಪಾದಕರವು. ‘ವಡ್ಡಾರಾಧನೆ’ಯ ದೀರ್ಘ ವಾಕ್ಯಗಳನ್ನು ಹಿಡಿದು ನಿಲ್ಲಿಸಿರುವುದು ಅದರ ಕೃದಂತಗಳೇ ಹೊರತು ಚಿಹ್ನೆಗಳಲ್ಲ.

ಪದ್ಯದಲ್ಲಿ ಮಾತ್ರ ದಂಡಗಳಿದ್ದವು. ಆದರೆ ದಂಡವು ಛಂದಸ್ಸಿನ ಗುರುತು, ಅರ್ಥದ ಗುರುತಲ್ಲ. ಶ್ಲೋಕಾರ್ಧಕ್ಕೆ ಒಂದು, ಶ್ಲೋಕಾಂತ್ಯಕ್ಕೆ ಎರಡು. ವಾಕ್ಯ ಮುಂದಿನ ಶ್ಲೋಕಕ್ಕೆ ಹರಿದುಹೋದರೂ ದಂಡ ತನ್ನ ಜಾಗದಲ್ಲಿಯೇ ನಿಲ್ಲುತ್ತದೆ. ಹಿಂದಿಯು ಈ ಒಂಟಿ ದಂಡವನ್ನೇ ಗದ್ಯದ ಪೂರ್ಣವಿರಾಮವಾಗಿ ಬಳಸಿಕೊಂಡಿತು. ಮರಾಠಿ ಅದೇ ದೇವನಾಗರಿಯಲ್ಲಿ ಬರೆದರೂ ಗದ್ಯಕ್ಕೆ ಇಂಗ್ಲಿಷಿನ ಬಿಂದುವನ್ನು ಆರಿಸಿಕೊಂಡಿತು. ಕನ್ನಡವೂ ಹಾಗೆಯೇ ಮಾಡಿತು. ಲಿಪಿಗೂ ಚಿಹ್ನೆಗೂ ಅವಿನಾಭಾವವಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮರಾಠಿಯ ಈ ಬದಲಾವಣೆಗೆ ಪುಣೆಯೇ ಮುಖ್ಯ ನೆಲೆ. 1821ರಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆ ಮುಂದೆ ಡೆಕ್ಕನ್ ಕಾಲೇಜಾಗಿ ಬೆಳೆಯಿತು. ಆ ಪಾಠಶಾಲೆಯ ಮೇಲ್ವಿಚಾರಕರಾಗಿದ್ದ ಮೇಜರ್ ಥಾಮಸ್ ಕ್ಯಾಂಡಿ, ಮೋಲ್ಸ್‌ವರ್ತ್‌ರ ಮರಾಠಿ ನಿಘಂಟಿನ ಕೆಲಸದಲ್ಲಿ ಜೊತೆಗಾರರಾಗಿದ್ದವರು. ಶಾಲಾಪುಸ್ತಕಗಳ ಮರಾಠಿಯನ್ನು ತಿದ್ದಿದವರು. ಅವರು 1850ರಲ್ಲಿ ‘ವಿರಾಮಚಿಹ್ನಾಂಚೀ ಪರಿಭಾಷಾ’ ಎಂಬ ಚಿಕ್ಕ ಪುಸ್ತಕವನ್ನು ಪ್ರಕಟಿಸಿ ಇಂಗ್ಲಿಷಿನ ಚಿಹ್ನೆಗಳನ್ನು ಮರಾಠಿಯಲ್ಲಿ ಬಳಸುವ ಕ್ರಮವನ್ನು ನಿರೂಪಿಸಿದರು. ಇಂದಿಗೂ ಮರಾಠಿಯಲ್ಲಿ ಲೇಖನ ಚಿಹ್ನೆಗಳ ಮಾತು ಬಂದಾಗ ಅವರ ಹೆಸರನ್ನು ನೆನೆಯುವುದುಂಟು.

ಹೀಗೆ ಎರಡೂ ಭಾಷೆಗಳು ಚಿಹ್ನೆಗಳನ್ನು ಒಂದೇ ಮನೆಯಿಂದ ಎರವಲು ತಂದವು. ಇಂಗ್ಲಿಷ್ ವಾಕ್ಯರಚನೆಗೆಂದು ರೂಪುಗೊಂಡ ಈ ಉಪಕರಣಗಳನ್ನು ತಂತಮ್ಮ ವಾಕ್ಯರಚನೆಗೆ ಹೊಂದಿಸಿಕೊಳ್ಳುವಾಗ ಎರಡರ ದಾರಿಗಳು ಬೇರೆಯಾದವು. ಹೆಸರುಗಳಲ್ಲಿಯೇ ವ್ಯತ್ಯಾಸ ಕಾಣುತ್ತದೆ. ನಮ್ಮ ‘ಅಲ್ಪವಿರಾಮ’ ಅವರಿಗೆ ‘ಸ್ವಲ್ಪವಿರಾಮ’. ಅವರು ಒಂಟಿ ಜೋಡಿ ಎರಡನ್ನೂ ‘ಅವತರಣ ಚಿಹ್ನ’ ಎಂದೇ ಕರೆದು ಏಕೇರಿ, ದುಹೇರಿ ಎಂದು ಭೇದ ಮಾಡುತ್ತಾರೆ. ನಮ್ಮ ಶಾಲಾ ವ್ಯಾಕರಣಗಳು ಜೋಡಿ ಚಿಹ್ನೆಯನ್ನು ‘ಉದ್ಧರಣ’ವೆಂದೂ, ಪಾರಿಭಾಷಿಕ ಪದವನ್ನೋ ಅನ್ಯಭಾಷೆಯ ಪದವನ್ನೋ ಸುತ್ತುವ ಒಂಟಿ ಚಿಹ್ನೆಯನ್ನು ‘ವಾಕ್ಯವೇಷ್ಟನ’ವೆಂದೂ ಬೇರ್ಪಡಿಸುತ್ತವೆ.

3

ಈಗ ಮುಖ್ಯ ವಿಷಯಕ್ಕೆ ಬರೋಣ. ಉದ್ಧರಣ ಚಿಹ್ನೆ ಎರಡು ಭಾಗಗಳ ಚಿಹ್ನೆ. ಮೊದಲನೆಯದು ಪರರ ಮಾತು ಇಲ್ಲಿಂದ ಆರಂಭವಾಯಿತೆಂದು ಹೇಳುತ್ತದೆ. ಎರಡನೆಯದು ಇಲ್ಲಿಗೆ ಮುಗಿಯಿತೆಂದು ಹೇಳುತ್ತದೆ. ಕನ್ನಡದಲ್ಲಿ ಎರಡನೆಯ ಕೆಲಸಕ್ಕೆ ಚಿಹ್ನೆಯ ಅಗತ್ಯವೇ ಇಲ್ಲ. ‘ಎಂದು’ ಎಂಬ ಮಾತು ಬಂದೊಡನೆ ಉದ್ಧೃತ ಭಾಗ ಮುಗಿಯಿತೆಂಬುದು ಕೇಳುವವನಿಗೂ ಓದುವವನಿಗೂ ಸ್ಪಷ್ಟವಾಗುತ್ತದೆ. ಆದರೆ ಆರಂಭವನ್ನು ತಿಳಿಸುವ ಪದ ಕನ್ನಡದ ಈ ರಚನೆಯಲ್ಲಿಲ್ಲ. ಈ ವಾಕ್ಯವನ್ನು ನೋಡಬಹುದು:

ರಾಮಣ್ಣ ನಾಳೆ ಬರುತ್ತಾನೆ ಎಂದು ಹೇಳಿದ.

ಇಲ್ಲಿ ನಾಳೆ ಬರುವವನು ರಾಮಣ್ಣನೋ, ಅಥವಾ ಬೇರೊಬ್ಬನು ಬರುತ್ತಾನೆಂದು ರಾಮಣ್ಣ ಹೇಳಿದನೋ? ವಾಕ್ಯ ಎರಡಕ್ಕೂ ಎಡೆಗೊಡುತ್ತದೆ. ಆಡುಮಾತಿನಲ್ಲಿ ‘ರಾಮಣ್ಣ’ ಎಂಬುದಾದ ಮೇಲೆ ಕೊಡುವ ಬಿಡುವು ಈ ಸಂದೇಹವನ್ನು ನಿವಾರಿಸುತ್ತದೆ. ಬರವಣಿಗೆಯಲ್ಲಿ ಆ ಕೆಲಸವನ್ನು ಮಾಡುವುದು ಆರಂಭದ ಚಿಹ್ನೆ ಮಾತ್ರ:

“ರಾಮಣ್ಣ ನಾಳೆ ಬರುತ್ತಾನೆ” ಎಂದು ಹೇಳಿದ.
ರಾಮಣ್ಣ “ನಾಳೆ ಬರುತ್ತಾನೆ” ಎಂದು ಹೇಳಿದ.

ಎರಡು ವಾಕ್ಯಗಳಲ್ಲಿಯೂ ಮುಕ್ತಾಯದ ಚಿಹ್ನೆ ಒಂದೇ ಜಾಗದಲ್ಲಿದೆ. ಬದಲಾದುದು ಆರಂಭದ ಚಿಹ್ನೆಯ ಜಾಗ. ಅದರೊಂದಿಗೆ ಅರ್ಥವೂ ಬದಲಾಯಿತು. ಕನ್ನಡದಲ್ಲಿ ತೆರೆಯುವ ಚಿಹ್ನೆ ಅರ್ಥಕ್ಕೆ ಬೇಕಾದದ್ದು, ಮುಚ್ಚುವ ಚಿಹ್ನೆ ಜೋಡಿಗಾಗಿ ಬಂದದ್ದು ಎನ್ನಬಹುದು.

ಸಂಸ್ಕೃತದ ‘ಇತಿ’ಯದೂ ಇದೇ ಸ್ವಭಾವ. ಅದು ಮಾತಿನ ಕೊನೆಯನ್ನು ತೋರಿಸುತ್ತದೆಯೇ ಹೊರತು ಮೊದಲನ್ನಲ್ಲ. ದೀರ್ಘ ಸಂವಾದಗಳಲ್ಲಿ ಇದು ಸಾಲದೆಂಬುದು ಪ್ರಾಚೀನರಿಗೂ ತಿಳಿದಿತ್ತು. ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಲ್ಲಿ ಆರಂಭವಾಗಿ 1966ರಲ್ಲಿ ಪೂರ್ಣಗೊಂಡ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ತೆರೆದರೆ ‘ವೈಶಂಪಾಯನ ಉವಾಚ’ ಎಂಬಂಥ ಮಾತುಗಳು ಶ್ಲೋಕದ ಛಂದಸ್ಸಿಗೆ ಹೊರಗಾಗಿ ಪ್ರತ್ಯೇಕವಾಗಿ ನಿಂತಿರುವುದು ಕಾಣುತ್ತದೆ. ‘ಇತಿ’ ಮಾಡಲಾರದ ಆರಂಭಸೂಚನೆಯ ಕೆಲಸವನ್ನು ಈ ‘ಉವಾಚ’ ಮಾಡುತ್ತದೆ.

ಮರಾಠಿಯಲ್ಲಿ ಪರರ ಮಾತನ್ನು ಹೇಳಲು ಎರಡು ದಾರಿಗಳಿವೆ. ಒಂದು ನಮ್ಮದಕ್ಕೆ ಸಮೀಪವಾದುದು:

“ಮೀ ಉದ್ಯಾ ಯೇಈನ” ಅಸೇ ತೋ ಮ್ಹಣಾಲಾ.

ಇಲ್ಲಿ ‘ಅಸೇ’ ಎಂಬುದು ‘ಎಂದು’ವಿನ ಜಾಗದಲ್ಲಿದೆ. ಇದನ್ನು ಕನ್ನಡಕ್ಕೆ ತರುವುದು ಸುಲಭ; “ನಾನು ನಾಳೆ ಬರುತ್ತೇನೆ” ಎಂದು ಅವನು ಹೇಳಿದ. ಇನ್ನೊಂದು ದಾರಿ ಇದಕ್ಕೆ ತೀರ ವಿರುದ್ಧವಾದುದು:

ತೋ ಮ್ಹಣಾಲಾ ಕೀ ಮೀ ಉದ್ಯಾ ಯೇಈನ.

ಇಲ್ಲಿ ‘ಕೀ’ ಎಂಬ ಅವ್ಯಯ ಮಾತಿನ ಆರಂಭವನ್ನು ಸಾರುತ್ತದೆ. ಮುಕ್ತಾಯವನ್ನು ಸಾರುವ ಪದ ಮಾತ್ರ ಇಲ್ಲ. ಹೇಳಿದ ಮಾತು ಒಂದೇ ವಾಕ್ಯದ್ದಾದರೆ ಪೂರ್ಣವಿರಾಮವೇ ಅದನ್ನು ಮುಗಿಸುತ್ತದೆ. ಎರಡು ಮೂರು ವಾಕ್ಯಗಳಾದರೆ ಎಲ್ಲಿ ಮುಗಿಯಿತೆಂದು ತಿಳಿಯಲು ಮುಚ್ಚುವ ಚಿಹ್ನೆಯೇ ಬೇಕು. ಅಂದರೆ ‘ಕೀ’ ರಚನೆಯಲ್ಲಿ ಅರ್ಥಕ್ಕೆ ಆಧಾರವಾಗುವುದು ಮುಚ್ಚುವ ಚಿಹ್ನೆ. ‘ಎಂದು’ ರಚನೆಯಲ್ಲಿ ತೆರೆಯುವ ಚಿಹ್ನೆ. ಮೂಲದಲ್ಲಿ ಯಾವುದು ಅನಾವಶ್ಯಕವೋ ಅದೇ ಅನುವಾದದಲ್ಲಿ ಅವಶ್ಯಕವಾಗುತ್ತದೆ. ‘ಕೀ’ ಇರುವ ಕಡೆ ಮರಾಠಿ ಲೇಖಕರು ಉದ್ಧರಣ ಚಿಹ್ನೆಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುವುದುಂಟು. ಅದನ್ನು ನೋಡಿ ಅನುವಾದಕನೂ ಬಿಟ್ಟರೆ ಕನ್ನಡದ ವಾಕ್ಯ ದಿಕ್ಕು ತಪ್ಪುತ್ತದೆ:

ಅವನು ನಾನು ನಾಳೆ ಬರುತ್ತೇನೆ ಎಂದು ಹೇಳಿದ.

ಇಲ್ಲಿ ‘ನಾನು’ ಎಂದರೆ ಅವನೋ, ಕಥೆ ಹೇಳುತ್ತಿರುವವನೋ? ಮರಾಠಿಯಲ್ಲಿ ‘ಕೀ’ ಆದ ಮೇಲೆ ಬರುವ ‘ಮೀ’ ಹೇಳಿದವನೇ ಎಂಬ ರೂಢಿ ಬಲವಾಗಿದೆ. ಕನ್ನಡದಲ್ಲಿ ಚಿಹ್ನೆ ಇಲ್ಲದ ‘ನಾನು’ ನಿರೂಪಕನ ಕಡೆಗೂ ವಾಲುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಮಾತನ್ನು ನೇರವಾಗಿಯೇ ಉಳಿಸುವುದಾದರೆ ಚಿಹ್ನೆಗಳನ್ನು ತಪ್ಪದೆ ಹಾಕಬೇಕು. ಚಿಹ್ನೆ ಬೇಡವೆಂದರೆ ಸರ್ವನಾಮವನ್ನು ಬದಲಿಸಿ “ತಾನು ನಾಳೆ ಬರುವೆನೆಂದು ಅವನು ಹೇಳಿದ” ಎನ್ನಬೇಕು. ‘ತಾನು’ ಎಂಬ ಆತ್ಮಾರ್ಥಕ ಸರ್ವನಾಮ ಹೇಳಿದವನನ್ನೇ ತೋರಿಸುವುದರಿಂದ ಅಲ್ಲಿ ಚಿಹ್ನೆಯ ಸಹಾಯ ಬೇಕಾಗುವುದಿಲ್ಲ. ಯಾವುದನ್ನು ಆರಿಸಬೇಕೆಂಬುದು ಸಂದರ್ಭಕ್ಕೆ ಬಿಟ್ಟದ್ದು. ಮಾತಿನ ಧಾಟಿ ಮುಖ್ಯವಾದಲ್ಲಿ ಮೊದಲನೆಯದು, ಸಂಗತಿ ಮಾತ್ರ ಮುಖ್ಯವಾದಲ್ಲಿ ಎರಡನೆಯದು ಯುಕ್ತ.

4

ಒಂದು ಚಿಕ್ಕ ಭಾಗವನ್ನು ತೆಗೆದುಕೊಂಡು ಈ ಕ್ರಮವನ್ನು ಅನ್ವಯಿಸಿ ನೋಡಬಹುದು. ಮರಾಠಿ ಕಥೆಗಳಲ್ಲಿ ಸಾಮಾನ್ಯವಾಗಿ ಕಾಣುವ ರೀತಿಯ ನಾಲ್ಕಾರು ವಾಕ್ಯಗಳಿವು:

ಆಈನೇ ವಿಚಾರಲೇ, “ತೂ ಪುಣ್ಯಾಲಾ ಜಾಣಾರ?” ತೋ ಮ್ಹಣಾಲಾ ಕೀ ಮೀ ಜಾಣಾರ ನಾಹೀ, ಭಾಡ್ಯಾಲಾ ಪೈಸೇ ನಾಹೀತ. ಮಾಮಾಂಕಡೂನ ಪತ್ರ ಆಲೇ ನಾಹೀ. ಆಈ ಗಪ್ಪ ಬಸಲೀ.

ಚಿಹ್ನೆಗಳನ್ನು ಇದ್ದಂತೆಯೇ ಇಳಿಸಿದರೆ ಹೀಗಾಗುತ್ತದೆ:

ತಾಯಿ ಕೇಳಿದಳು, “ನೀನು ಪುಣೆಗೆ ಹೋಗುವವನು?” ಅವನು ಹೇಳಿದ ನಾನು ಹೋಗುವುದಿಲ್ಲ, ಪ್ರಯಾಣಕ್ಕೆ ಹಣವಿಲ್ಲ. ಮಾವನಿಂದ ಪತ್ರ ಬರಲಿಲ್ಲ. ತಾಯಿ ಸುಮ್ಮನೆ ಕುಳಿತಳು.

ಇದು ಕನ್ನಡದಂತೆ ಕೇಳಿಸುವುದಿಲ್ಲವೆಂಬುದು ಸ್ಪಷ್ಟ. ದೋಷ ಪದಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಚಿಹ್ನೆಗಳಲ್ಲಿದೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಪ್ರಶ್ನಾರ್ಥಕ ಚಿಹ್ನೆ. ‘ತೂ ಪುಣ್ಯಾಲಾ ಜಾಣಾರ’ ಎಂಬಲ್ಲಿ ಪ್ರಶ್ನೆಯನ್ನು ಸೂಚಿಸುವ ಪದವಿಲ್ಲ. ‘ಕಾ’ ಎಂಬ ಪ್ರಶ್ನಾವ್ಯಯವನ್ನು ಸೇರಿಸಬಹುದಾಗಿದ್ದರೂ ಇಲ್ಲಿ ಸೇರಿಸಿಲ್ಲ. ಮಾತಿನಲ್ಲಿ ಧ್ವನಿಯ ಏರಿಕೆಯಿಂದ, ಬರಹದಲ್ಲಿ ಚಿಹ್ನೆಯೊಂದರಿಂದಲೇ ಅದು ಪ್ರಶ್ನೆಯಾಗಿದೆ. ಕನ್ನಡದಲ್ಲಿ ಇಂಥ ಪ್ರಶ್ನೆಗೆ ಕ್ರಿಯಾಪದದ ಕೊನೆಯಲ್ಲಿ ‘ಆ’ಕಾರ ಬರುವುದು ಸಹಜ. ಆದುದರಿಂದ ಚಿಹ್ನೆಯ ಕೆಲಸವನ್ನು ಪ್ರತ್ಯಯಕ್ಕೆ ವಹಿಸಿ ‘ಹೋಗುವೆಯಾ?’ ಎನ್ನಬೇಕು.

ಎರಡನೆಯದು ‘ಕೇಳಿದಳು’ ಆದ ಮೇಲಿನ ಅಲ್ಪವಿರಾಮ. ಮರಾಠಿಯಲ್ಲಿ ಅದು ‘ಕೀ’ಗೆ ಬದಲಾಗಿ ಬಂದಿದೆ, ಮುಂದೆ ಮಾತು ಬರಲಿದೆಯೆಂದು ಸೂಚಿಸುತ್ತದೆ. ಕನ್ನಡದಲ್ಲಿ ಮಾತನ್ನು ಮುಂದೆ ತಂದು ‘ಎಂದು ಕೇಳಿದಳು’ ಎಂದೊಡನೆ ಆ ಅಲ್ಪವಿರಾಮಕ್ಕೆ ಕೆಲಸವಿಲ್ಲ.

ಮೂರನೆಯದು ಕಷ್ಟದ ಪ್ರಶ್ನೆ. ‘ಕೀ’ಯಿಂದ ಆರಂಭವಾದ ಮಗನ ಮಾತು ಎಲ್ಲಿ ಮುಗಿಯುತ್ತದೆ? ‘ಪೈಸೇ ನಾಹೀತ’ ಎಂಬಲ್ಲಿ ಪೂರ್ಣವಿರಾಮವಿದೆ. ಆದರೆ ಮಾಮನಿಂದ ಪತ್ರ ಬಾರದ ಸಂಗತಿಯನ್ನು ಹೇಳುತ್ತಿರುವವನು ಮಗನೋ, ಕಥೆಗಾರನೋ? ಮರಾಠಿಯಲ್ಲಿ ‘ಆಲೇ ನಾಹೀ’ ಎಂಬುದು ‘ಬಂದಿಲ್ಲ’ ಎಂದೂ ‘ಬರಲಿಲ್ಲ’ ಎಂದೂ ಆಗಬಲ್ಲದು. ‘ಆಲೇ ನವ್ಹತೇ’ ಎಂದಿದ್ದರೆ ಅದು ಕಥೆಗಾರನ ಮಾತೆಂದು ಹೆಚ್ಚು ಧೈರ್ಯದಿಂದ ಹೇಳಬಹುದಾಗಿತ್ತು. ಮೂಲ ಲೇಖಕನು ಇದನ್ನು ತೀರ್ಮಾನಿಸದೆಯೇ ಬಿಡಬಹುದು. ಅನುವಾದಕನಿಗೆ ಆ ಸ್ವಾತಂತ್ರ್ಯವಿಲ್ಲ. ‘ಎಂದು’ವನ್ನು ಎಲ್ಲಿಯಾದರೂ ಇಡಲೇಬೇಕು. ಅಷ್ಟೇ ಅಲ್ಲ, ಇಟ್ಟ ಜಾಗಕ್ಕೆ ಅನುಗುಣವಾಗಿ ಕ್ರಿಯಾಪದವನ್ನೂ ಬದಲಿಸಬೇಕು. ಮಗನ ಮಾತಾದರೆ:

“ನೀನು ಪುಣೆಗೆ ಹೋಗುವೆಯಾ?” ಎಂದು ತಾಯಿ ಕೇಳಿದಳು. “ನಾನು ಹೋಗುವುದಿಲ್ಲ. ಪ್ರಯಾಣಕ್ಕೆ ಹಣವಿಲ್ಲ. ಮಾವನಿಂದ ಪತ್ರ ಬಂದಿಲ್ಲ” ಎಂದು ಅವನು ಹೇಳಿದ. ತಾಯಿ ಸುಮ್ಮನೆ ಕುಳಿತಳು.

ಕಥೆಗಾರನ ಮಾತಾದರೆ:

“ನಾನು ಹೋಗುವುದಿಲ್ಲ. ಪ್ರಯಾಣಕ್ಕೆ ಹಣವಿಲ್ಲ” ಎಂದು ಅವನು ಹೇಳಿದ. ಮಾವನಿಂದ ಪತ್ರ ಬಂದಿರಲಿಲ್ಲ. ತಾಯಿ ಸುಮ್ಮನೆ ಕುಳಿತಳು.

ಎರಡರ ಪರಿಣಾಮ ಬೇರೆ ಬೇರೆ. ಮೊದಲನೆಯದರಲ್ಲಿ ತನ್ನ ತವರಿನವರು ಕೈಬಿಟ್ಟರೆಂಬ ಮಾತನ್ನು ತಾಯಿ ಮಗನ ಬಾಯಿಂದಲೇ ಕೇಳುತ್ತಾಳೆ; ಅವಳ ಮೌನ ಆ ಮಾತಿಗೆ ಉತ್ತರ. ಎರಡನೆಯದರಲ್ಲಿ ಮಗ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರಿಗೂ ಅದು ಗೊತ್ತಿದೆಯೆಂಬುದು ಓದುಗನಿಗೆ ಮಾತ್ರ ತಿಳಿಯುತ್ತದೆ. ಕಥೆಯ ಹಿಂದುಮುಂದನ್ನು ನೋಡಿ, ತಾಯಿಗೆ ಪತ್ರದ ಸಂಗತಿ ಮೊದಲೇ ತಿಳಿದಿತ್ತೇ ಎಂಬುದನ್ನು ಗಮನಿಸಿ, ಅನುವಾದಕನು ತೀರ್ಮಾನಕ್ಕೆ ಬರಬೇಕು. ಒಂದು ಮುಚ್ಚುವ ಚಿಹ್ನೆಯ ಜಾಗದಲ್ಲಿ ಇಷ್ಟೆಲ್ಲ ಅಡಗಿದೆ.

ಇನ್ನೊಂದು ಸಣ್ಣ ಅಂಶವನ್ನೂ ಈ ಅನುವಾದದಲ್ಲಿ ಗಮನಿಸಬೇಕು. ಉದ್ಧೃತ ಭಾಗದ ಒಳಗಿನ ವಾಕ್ಯಗಳಿಗೆ ಪೂರ್ಣವಿರಾಮವಿದೆ. ಕೊನೆಯ ‘ಬಂದಿಲ್ಲ’ ಎಂಬುದಕ್ಕೆ ಇಲ್ಲ. ಏಕೆಂದರೆ ‘ಎಂದು ಹೇಳಿದ’ ಎಂಬವರೆಗೆ ಇಡೀ ವಾಕ್ಯ ಮುಗಿದಿಲ್ಲ. ಆದರೆ ‘ಹೋಗುವೆಯಾ?’ ಎಂಬಲ್ಲಿ ಪ್ರಶ್ನಾರ್ಥಕ ಚಿಹ್ನೆ ಒಳಗೆ ಉಳಿದಿದೆ. ಅದು ಮಾತಿನ ಸ್ವರೂಪಕ್ಕೆ ಸೇರಿದ್ದು, ಅದನ್ನು ಹೇಳುವ ವಾಕ್ಯಕ್ಕಲ್ಲ. ಇಂಗ್ಲಿಷಿನಿಂದ ಅನುವಾದಿಸುವವರು ಮುಚ್ಚುವ ಚಿಹ್ನೆಯ ಒಳಗೆ ಅಲ್ಲಿರುವ ಅಲ್ಪವಿರಾಮವನ್ನು ‘ಎಂದು’ವಿನ ಮೊದಲೂ ಉಳಿಸುವುದುಂಟು. ಇಂಗ್ಲಿಷಿನಲ್ಲಿ ಅದು ಮಾತಿಗೂ ‘ಅವನು ಹೇಳಿದ’ ಎಂಬುದಕ್ಕೂ ನಡುವೆ ಕೊಂಡಿ. ನಮ್ಮಲ್ಲಿ ‘ಎಂದು’ವೇ ಕೊಂಡಿಯಾಗಿರುವುದರಿಂದ ಅದು ಹೆಚ್ಚುವರಿ.

5

‘ಎಂದು’ವಿನ ರಚನೆಗೂ ಒಂದು ಮಿತಿಯಿದೆ. ಮೂಲದಲ್ಲಿ ‘ತೋ ಮ್ಹಣಾಲಾ’ ಎಂದು ಆರಂಭವಾಗಿ ಅರ್ಧ ಪುಟದ ಭಾಷಣ ಬಂದರೆ, ಅದನ್ನೆಲ್ಲ ಮುಂದೆ ತಂದು ಕೊನೆಯಲ್ಲಿ ‘ಎಂದು ಅವನು ಹೇಳಿದ’ ಎನ್ನುವುದು ಸರಿಯಾಗದು. ಅಲ್ಲಿಯವರೆಗೆ ಮಾತನಾಡುತ್ತಿರುವವರು ಯಾರೆಂದು ಓದುಗನಿಗೆ ತಿಳಿಯುವುದಿಲ್ಲ. ಇಂಥಲ್ಲಿ ‘ಉವಾಚ’ದ ದಾರಿಯನ್ನೇ ಹಿಡಿಯಬೇಕು. ‘ಅವನು ಹೀಗೆ ಹೇಳಿದ’ ಎಂದು ಮೊದಲೇ ಹೇಳಿ, ವಿವರಣಾತ್ಮಕ ಚಿಹ್ನೆಯನ್ನು ಹಾಕಿ, ಅನಂತರ ಉದ್ಧರಣವನ್ನು ಕೊಟ್ಟು ಕೊನೆಯಲ್ಲಿ ‘ಎಂದು’ವನ್ನು ಬಿಡುವುದು ಮೇಲು. ‘ಎಂದು’ ಇಲ್ಲದ ಈ ರಚನೆಯಲ್ಲಿ ಮುಚ್ಚುವ ಚಿಹ್ನೆಗೆ ಮತ್ತೆ ಬೆಲೆ ಬರುತ್ತದೆ. ಅದನ್ನು ಮರೆತರೆ ಭಾಷಣ ನಿರೂಪಣೆಯೊಳಗೆ ಕರಗಿಹೋಗುತ್ತದೆ. ಕೊನೆಯ ವಾಕ್ಯದ ಪೂರ್ಣವಿರಾಮವೂ ಇಲ್ಲಿ ಚಿಹ್ನೆಯ ಒಳಗೇ ಉಳಿಯುತ್ತದೆ.

ಕೊನೆಯವರೆಗೆ ಕಾಯಿಸುವ ತೊಂದರೆ ನಮಗೆ ಮಾತ್ರ ಬಂದುದಲ್ಲ. ಸ್ಪಾನಿಷ್ ಭಾಷೆಯಲ್ಲಿ ಪ್ರಶ್ನೆಯ ಆರಂಭದಲ್ಲಿಯೂ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಪ್ರಶ್ನಾವಾಚಕ ಪದವಿಲ್ಲದ ದೀರ್ಘ ವಾಕ್ಯವನ್ನು ಓದುವವನಿಗೆ ಅದು ಪ್ರಶ್ನೆಯೆಂಬುದು ಕೊನೆಯಲ್ಲಿ ತಿಳಿದರೆ ಪ್ರಯೋಜನವಿಲ್ಲವೆಂದು ಅಲ್ಲಿನ ಅಕಾಡೆಮಿ 1754ರಲ್ಲಿ ಈ ಕ್ರಮವನ್ನು ವಿಧಿಸಿತು. ಗ್ರೀಕರಲ್ಲಿ ಪ್ರಶ್ನೆಗೆ ಬಳಸುವುದು ನಮ್ಮ ಅರ್ಧವಿರಾಮದ ಆಕಾರವನ್ನು. ಚಿಹ್ನೆಯ ಆಕಾರವನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

6

ಅಲ್ಪವಿರಾಮಕ್ಕೂ ಇದೇ ಪರೀಕ್ಷೆಯನ್ನು ಅನ್ವಯಿಸಬಹುದು. ಮರಾಠಿಯಲ್ಲಿ ‘ಜೋ–ತೋ’ ರಚನೆ ಬಹಳ ಸಾಮಾನ್ಯ:

ಜೋ ಮಾಣೂಸ ಕಾಲ ಆಲಾ, ತೋ ಮಾಝಾ ಮಿತ್ರ ಆಹೇ.

ಇಲ್ಲಿಯ ಅಲ್ಪವಿರಾಮ ಎರಡು ಉಪವಾಕ್ಯಗಳ ನಡುವಿನ ಗಡಿ. ಕನ್ನಡದಲ್ಲಿ ‘ನಿನ್ನೆ ಬಂದ ಮನುಷ್ಯ ನನ್ನ ಮಿತ್ರ’ ಎಂದಾಗ ಗಡಿಯೂ ಇಲ್ಲ, ಚಿಹ್ನೆಯೂ ಬೇಡ. ‘ಬಂದ’ ಎಂಬ ಕೃದಂತ ಎರಡನ್ನೂ ಬೆಸೆದಿದೆ. ‘ಯಾವ ಮನುಷ್ಯ ನಿನ್ನೆ ಬಂದನೋ, ಅವನು ನನ್ನ ಮಿತ್ರ’ ಎಂದು ಬರೆಯುವುದು ಅಲ್ಪವಿರಾಮವನ್ನು ಉಳಿಸುವ ಹಟದಿಂದ ವಾಕ್ಯವನ್ನೇ ಕೆಡಿಸಿದಂತೆ. ಹಾಗೆಯೇ ‘ಮಾವೂ ಹಲಸೂ ಬಾಳೆಯೂ’ ಎಂದು ಬರೆದಾಗ ‘ಊ’ಕಾರ ಪದಗಳನ್ನು ಎಣಿಸಿ ಜೋಡಿಸುವುದರಿಂದ ನಡುವೆ ಅಲ್ಪವಿರಾಮ ಬೇಕಾಗದು, ‘ಮಾವು, ಹಲಸು ಮತ್ತು ಬಾಳೆ’ ಎಂದಾಗ ಬೇಕು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಇಂಗ್ಲಿಷಿನಲ್ಲಿ ‘ಶುಲ್ಕ ಕಟ್ಟಿದ’ ಎಂಬ ವಿಶೇಷಣ ವಾಕ್ಯದ ಸುತ್ತ ಅಲ್ಪವಿರಾಮಗಳಿಲ್ಲದಿದ್ದರೆ ಶುಲ್ಕ ಕಟ್ಟಿದ ವಿದ್ಯಾರ್ಥಿಗಳಿಗೆ ಮಾತ್ರ ಪುಸ್ತಕ ದೊರೆಯಿತೆಂದು ಅರ್ಥ. ಅಲ್ಪವಿರಾಮಗಳಿದ್ದರೆ ವಿದ್ಯಾರ್ಥಿಗಳೆಲ್ಲರೂ ಶುಲ್ಕ ಕಟ್ಟಿದ್ದರು, ಎಲ್ಲರಿಗೂ ಪುಸ್ತಕ ದೊರೆಯಿತು ಎಂದು ಅರ್ಥ. ‘ಶುಲ್ಕ ಕಟ್ಟಿದ ವಿದ್ಯಾರ್ಥಿಗಳಿಗೆ ಪುಸ್ತಕ ದೊರೆಯಿತು’ ಎಂಬ ಕನ್ನಡ ವಾಕ್ಯ ಮೊದಲನೆಯದಕ್ಕೆ ಸರಿಹೊಂದುತ್ತದೆ. ಎರಡನೆಯದನ್ನು ಯಾವ ಚಿಹ್ನೆಯಿಂದಲೂ ಈ ವಾಕ್ಯದೊಳಗೆ ತರಲಾಗದು. ‘ವಿದ್ಯಾರ್ಥಿಗಳೆಲ್ಲರೂ ಶುಲ್ಕ ಕಟ್ಟಿದ್ದರು, ಅವರಿಗೆ ಪುಸ್ತಕ ದೊರೆಯಿತು’ ಎಂದು ವಾಕ್ಯವನ್ನು ಒಡೆಯಬೇಕು. ನಿಯಮಾವಳಿಗಳನ್ನೂ ಆಡಳಿತ ಪತ್ರಗಳನ್ನೂ ಅನುವಾದಿಸುವವರು ಇಲ್ಲಿ ಎಡವಿದರೆ ಯಾರಿಗೆ ಹಕ್ಕಿದೆ, ಯಾರಿಗಿಲ್ಲ ಎಂಬುದೇ ಬದಲಾಗುತ್ತದೆ.

ಮೂಲದಲ್ಲಿ ಇಲ್ಲದ ಅಲ್ಪವಿರಾಮವನ್ನು ಕನ್ನಡದಲ್ಲಿ ಹಾಕಬೇಕಾದ ಪ್ರಸಂಗಗಳೂ ಇವೆ. ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆ ನಮ್ಮದಾದ್ದರಿಂದ ನಡುವಿನ ಅವ್ಯಯ ಯಾವ ಕ್ರಿಯೆಗೆ ಸೇರಿತೆಂಬ ಸಂದೇಹ ಹುಟ್ಟುತ್ತದೆ:

ಅವನು ಅಳುತ್ತ, ಓಡುತ್ತಿದ್ದ ಮಗುವನ್ನು ಹಿಡಿದ.
ಅವನು, ಅಳುತ್ತ ಓಡುತ್ತಿದ್ದ ಮಗುವನ್ನು ಹಿಡಿದ.

ಮೊದಲನೆಯದರಲ್ಲಿ ಅಳುತ್ತಿದ್ದವನು ಹಿಡಿದವನು, ಎರಡನೆಯದರಲ್ಲಿ ಮಗು. ಅಲ್ಪವಿರಾಮವೊಂದನ್ನೇ ನಂಬುವುದಕ್ಕಿಂತ ‘ಅಳುತ್ತ ಓಡುತ್ತಿದ್ದ ಮಗುವನ್ನು ಅವನು ಹಿಡಿದ’ ಎಂದು ಕರ್ತೃಪದವನ್ನು ಕ್ರಿಯಾಪದದ ಬಳಿಗೆ ತರುವುದು ಇನ್ನೂ ಕ್ಷೇಮ. ಅಚ್ಚಿನಲ್ಲಿ ಒಂದು ಚಿಹ್ನೆ ಬಿದ್ದುಹೋಗುವುದು ಅಪರೂಪವಲ್ಲ. ಪದಗಳ ಕ್ರಮ ಹಾಗೆ ಬಿದ್ದುಹೋಗುವುದಿಲ್ಲ.

7

ವಾಕ್ಯಾಂತ್ಯದ ಚಿಹ್ನೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹಿಂದಿಯ ದಂಡವನ್ನು ಕನ್ನಡ ಗದ್ಯದಲ್ಲಿ ಬಿಂದುವಾಗಿಸಬೇಕು. ಪದ್ಯದ ದಂಡಗಳನ್ನು ಮಾತ್ರ ಹಾಗೆಯೇ ಇಡಬೇಕು, ಏಕೆಂದರೆ ಅವು ಛಂದಸ್ಸಿಗೆ ಸೇರಿದವು. ಪ್ರಶ್ನೆ ಇನ್ನೊಂದು ವಾಕ್ಯದೊಳಗೆ ಸಂಗತಿಯಾಗಿ ಅಡಗಿದಾಗ ಪ್ರಶ್ನಾರ್ಥಕ ಚಿಹ್ನೆ ಸಲ್ಲದು. ‘ಅವನು ಬರುವನೋ ಇಲ್ಲವೋ ಎಂದು ವಿಚಾರಿಸಿದೆ’ ಎಂಬಲ್ಲಿ ‘ಓ’ಕಾರವೇ ಸಂದೇಹವನ್ನು ಹೇಳುತ್ತದೆ, ವಾಕ್ಯ ಪೂರ್ಣವಿರಾಮದಿಂದ ಮುಗಿಯುತ್ತದೆ. ಮರಾಠಿಯ ಸಣ್ಣ ಸಣ್ಣ ವಾಕ್ಯಗಳನ್ನು ಕೃದಂತಗಳಿಂದ ಪೋಣಿಸಿ ಒಂದೇ ವಾಕ್ಯವಾಗಿಸುವ ಆಸೆ ಕನ್ನಡದವರಿಗೆ ಸಹಜ. ಆದರೆ ಮೂಲದ ಪೂರ್ಣವಿರಾಮ ಒಂದು ಗತಿಯನ್ನು ಸೃಷ್ಟಿಸುತ್ತಿದ್ದರೆ ಅದನ್ನು ಉಳಿಸಬೇಕು. ಮೇಲೆ ನೋಡಿದ ಭಾಗದಲ್ಲಿ ‘ತಾಯಿ ಸುಮ್ಮನೆ ಕುಳಿತಳು’ ಎಂಬುದನ್ನು ಹಿಂದಿನ ವಾಕ್ಯಕ್ಕೆ ‘ಹೇಳಲು’ ಎಂದು ಸೇರಿಸಿದರೆ ಆ ಮೌನ ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

8

ಇಷ್ಟನ್ನೆಲ್ಲ ಪರೀಕ್ಷಿಸುವ ಬಗೆ ಹೇಗೆ? ಪುಣೆಯ ಒಂದು ಉದಾಹರಣೆಯೇ ಇಲ್ಲಿ ನೆರವಿಗೆ ಬರುತ್ತದೆ. ಎಸ್.ಎಲ್. ಭೈರಪ್ಪನವರೇ ಮೊದಲಾದ ಕನ್ನಡ ಲೇಖಕರ ಕೃತಿಗಳನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರು ಬಹುಕಾಲ ಕನ್ನಡವನ್ನು ಕಣ್ಣಿನಿಂದ ಓದದೆ ಕಿವಿಯಿಂದ ಕೇಳಿ ಅನುವಾದಿಸಿದವರು. ಅವರ ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕೃತಿಯನ್ನು ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು. ಧ್ವನಿಮುದ್ರಿಕೆಯಲ್ಲಿ ಉದ್ಧರಣ ಚಿಹ್ನೆ ಕಾಣಿಸುವುದಿಲ್ಲ. ಇರುವುದು ‘ಎಂದು’ ಎಂಬ ಮಾತು, ಅದಕ್ಕೆ ಮೊದಲಿನ ಬಿಡುವು, ಧ್ವನಿಯ ಏರಿಳಿತ ಇಷ್ಟೇ. ಚಿಹ್ನೆಗಳಿಲ್ಲದೆಯೂ ಮಾತು ಅರ್ಥವನ್ನು ಹೊತ್ತು ತರುತ್ತದೆಯೆಂಬುದನ್ನು ಇದು ತೋರಿಸುತ್ತದೆ. ಮರಾಠಿಯಲ್ಲಿ ಬರೆಯಲು ಕುಳಿತಾಗ ಚಿಹ್ನೆಗಳು ಮರಾಠಿಯ ವಾಕ್ಯದಿಂದಲೇ ಹುಟ್ಟಬೇಕಾಗುತ್ತವೆ.

ನಮ್ಮ ವಿದ್ಯಾರ್ಥಿಗಳೂ ಇದನ್ನು ಅನುಸರಿಸಬಹುದು. ಅನುವಾದದ ಕರಡು ಸಿದ್ಧವಾದ ಮೇಲೆ ಅದನ್ನು ಒಬ್ಬರು ಗಟ್ಟಿಯಾಗಿ ಓದಲಿ. ಮೂಲವನ್ನೂ ಕರಡನ್ನೂ ನೋಡದ ಇನ್ನೊಬ್ಬರು ಕೇಳಲಿ. ಯಾರ ಮಾತು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು, ‘ನಾನು’ ಎಂದರೆ ಯಾರು ಎಂದು ಕೇಳುವವರಿಗೆ ತಿಳಿದರೆ ವಾಕ್ಯ ಸರಿಯಾಗಿದೆ; ಚಿಹ್ನೆ ಅದನ್ನು ಕಣ್ಣಿಗೆ ತೋರಿಸುತ್ತದೆ, ಅಷ್ಟೆ. ಓದುವವರು ಬಿಡುವು ಕೊಟ್ಟುದರಿಂದ ಮಾತ್ರ ತಿಳಿದರೆ ಆ ಬಿಡುವಿನ ಜಾಗದಲ್ಲಿ ಚಿಹ್ನೆ ಇದೆಯೇ ಎಂದು ನೋಡಬೇಕು. ಬಿಡುವು ಕೊಟ್ಟರೂ ತಿಳಿಯದಿದ್ದರೆ ಚಿಹ್ನೆಯಿಂದ ಪ್ರಯೋಜನವಿಲ್ಲ, ವಾಕ್ಯವನ್ನೇ ತಿದ್ದಬೇಕು. ಕರಡಿನ ಅಂಚಿನಲ್ಲಿ ಪ್ರತಿಯೊಂದು ‘ಕೀ’ಗೂ ಒಂದು ಗುರುತು ಹಾಕಿಕೊಂಡು, ಅದು ತೆರೆದ ಮಾತು ಎಲ್ಲಿ ಮುಚ್ಚಿತೆಂದು ಮೂಲದಲ್ಲಿ ಕಂಡುಕೊಂಡ ಮೇಲೆಯೇ ಕನ್ನಡದ ‘ಎಂದು’ವನ್ನು ಬರೆಯುವ ಅಭ್ಯಾಸ ಮಾಡಿಕೊಂಡರೆ ಈ ಲೇಖನದಲ್ಲಿ ಹೇಳಿದ ದೋಷಗಳಲ್ಲಿ ಬಹುಪಾಲು ಮೊದಲ ಕರಡಿನಲ್ಲಿಯೇ ನಿವಾರಣೆಯಾಗುತ್ತವೆ.